ಮೊಡವೆ ಹಿಸುಕುವ ಕೈಯನ್ನು ನಿಲ್ಲಿಸುವುದು ಹೇಗೆ: ಚರ್ಮದ ಒಳಗಿನಿಂದ ಕನ್ನಡಿಯವರೆಗೆ

ಮಂಗಳೂರಿನ ಔಷಧಿ ಅಂಗಡಿಯೊಂದರ ಕೌಂಟರ್ ಹಿಂದೆ ನಿಂತು ನನಗೆ ಹದಿನೆಂಟು ವರ್ಷವಾಯಿತು. ಮೊಡವೆಗೆ ಕ್ರೀಮ್ ಕೇಳಿಕೊಂಡು ಬಂದವರ ಮುಖ ನೋಡಿದರೆ ಯಾವುದು ತಾನಾಗಿ ಎದ್ದದ್ದು, ಯಾವುದು ಉಗುರಿನ ಕೆಲಸ ಎಂದು ಹೆಚ್ಚುಕಡಿಮೆ ಹೇಳಬಲ್ಲೆ. ತಾನಾಗಿ ಎದ್ದದ್ದು ದುಂಡಗಿರುತ್ತದೆ. ಉಗುರು ತಾಗಿದ್ದಕ್ಕೆ ಗೀರಿದಂಥ ಅಂಚು, ಮೇಲೊಂದು ಹಕ್ಕಳೆ, ಸುತ್ತಲೂ ಕಪ್ಪು. "ಮುಟ್ಟಬೇಡಿ" ಎಂದು ಅವರಿಗೆಲ್ಲ ಹೇಳಿದ್ದೇನೆ. ಎಲ್ಲರೂ ತಲೆಯಾಡಿಸಿ ಹೋಗಿದ್ದಾರೆ. ಎರಡು ವಾರ ಬಿಟ್ಟು ಅದೇ ಜಾಗದಲ್ಲಿ ಅದೇ ಗಾಯ ಹೊತ್ತು ಬಂದಿದ್ದಾರೆ.

ತಪ್ಪು ಅವರ ಮನೋಬಲದ್ದು ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಮಣಿಪಾಲದ ಹಾಸ್ಟೆಲಿನಲ್ಲಿದ್ದು ಓದುವ ಅಕ್ಕನ ಮಗಳು ಒಂದು ಭಾನುವಾರ ಗಲ್ಲದ ತುಂಬ ಹಕ್ಕಳೆ ಹೊತ್ತು ಬಂದು, "ಚಿಕ್ಕಮ್ಮ, ಕೈ ಯಾವಾಗ ಮೇಲೆ ಹೋಗುತ್ತದೆ ಎಂದೇ ನನಗೆ ಗೊತ್ತಾಗುವುದಿಲ್ಲ" ಎಂದಳು. ಆಗ ಹೊಳೆಯಿತು. ಎಲ್ಲರೂ ಮೊದಲು ಕ್ರೀಮ್ ಕೊಳ್ಳುತ್ತಾರೆ, ಆಮೇಲೆ ಕೈಯನ್ನು ಗದರುತ್ತಾರೆ. ಆಗಬೇಕಾದದ್ದು ತಿರುವುಮುರುವು: ಮೊದಲು ಕೈ ಎಲ್ಲಿ, ಯಾವಾಗ ಏಳುತ್ತದೆಂದು ತಿಳಿಯಬೇಕು, ಆಮೇಲೆ ಆ ಜಾಗವನ್ನು ಬದಲಿಸಬೇಕು, ಆಮೇಲೆ ಕೈಗೆ ಬೇರೆ ಕೆಲಸ ಕೊಡಬೇಕು, ಕ್ರೀಮ್ ಕೊನೆಗೆ. ಆ ಹುಡುಗಿಯ ಜೊತೆ ಎರಡು ತಿಂಗಳು ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

## ಬೇಕಾಗುವ ಸಾಮಾನು

ಒಂದು ಚಿಕ್ಕ ನೋಟ್‌ಬುಕ್, ಪೆನ್ನು, ಉಗುರು ಕತ್ತರಿ, ಬ್ಯಾಂಡೇಜ್ ಪಟ್ಟಿ, ಸಣ್ಣ ಡಬ್ಬಿ ಪೆಟ್ರೋಲಿಯಂ ಜೆಲ್ಲಿ, ಮೊಡವೆಗೆಂದೇ ಸಿಗುವ ಹೈಡ್ರೋಕೊಲಾಯ್ಡ್ ಪ್ಯಾಚ್. ಸೂಜಿ, ಪಿನ್ನು, ಬ್ಲ್ಯಾಕ್‌ಹೆಡ್ ತೆಗೆಯುವ ಲೋಹದ ಕಡ್ಡಿ, ಮುಖವನ್ನು ಹಿಗ್ಗಿಸಿ ತೋರಿಸುವ ದುಂಡು ಕನ್ನಡಿ ಇವು ಮನೆಯಲ್ಲಿದ್ದರೆ ಹೊರಗೆ ಹೋಗಲಿ. ಡ್ರಾಯರಿನೊಳಗಲ್ಲ, ಮನೆಯಿಂದಲೇ ಹೊರಗೆ.

## ಹಂತ 1: ಹಿಸುಕಿದಾಗ ಒಳಗೆ ಆಗುವುದೇನು ಎಂದು ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. "ಕೀವು ಹೊರಗೆ ಬಂದರೆ ಬೇಗ ವಾಸಿ" ಎಂಬ ನಂಬಿಕೆ ಮನಸ್ಸಿನಲ್ಲಿ ಇರುವವರೆಗೆ ಮುಂದಿನ ಯಾವ ಉಪಾಯವೂ ನಿಲ್ಲುವುದಿಲ್ಲ.

ನಮ್ಮ ಕಡೆಯ ಕಾಟು ಮಾವಿನ ಹಣ್ಣನ್ನು ಚೀಪಿ ತಿಂದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತೊಟ್ಟಿನ ಬುಡವನ್ನು ಕಚ್ಚಿ ತೂತು ಮಾಡಿಕೊಂಡು ಹಿಸುಕಿದರೆ ರಸ ಬಾಯಿಗೆ ಬರುತ್ತದೆ. ತೂತು ಮಾಡದೆ ಹಿಸುಕಿದರೆ ಸಿಪ್ಪೆ ಬದಿಯಲ್ಲಿ ಒಡೆದು ರಸ ಮೊಣಕೈವರೆಗೆ ಇಳಿಯುತ್ತದೆ. ಮೊಡವೆಯೂ ಹೀಗೆಯೇ ಒಂದು ಚೀಲ. ಕೂದಲು ಹುಟ್ಟುವ ಸಣ್ಣ ಕೊಳವೆ, ಅದರ ಪಕ್ಕಕ್ಕೆ ಅಂಟಿಕೊಂಡ ಎಣ್ಣೆಗ್ರಂಥಿ. ಉದುರಬೇಕಾದ ಸತ್ತ ಜೀವಕೋಶಗಳು ಎಣ್ಣೆಯ ಜೊತೆ ಗಂಟುಕಟ್ಟಿ ಕೊಳವೆಯ ಬಾಯನ್ನು ಮುಚ್ಚುತ್ತವೆ. ಒಳಗೆ ಎಣ್ಣೆ ತುಂಬುತ್ತಲೇ ಇರುತ್ತದೆ, ಚರ್ಮದಲ್ಲಿ ಸದಾ ಇರುವ ಬ್ಯಾಕ್ಟೀರಿಯಾ ಅದರಲ್ಲಿ ಹೆಚ್ಚುತ್ತದೆ, ಗೋಡೆ ಊದಿಕೊಂಡು ತೆಳ್ಳಗಾಗುತ್ತದೆ.

ಈಗ ಎರಡು ಬೆರಳು ಎರಡು ಕಡೆಯಿಂದ ಒತ್ತಿದವೆನ್ನಿ. ಒತ್ತಡ ಮೇಲಕ್ಕೇ ಹೋಗಬೇಕೆಂಬ ನಿಯಮವಿಲ್ಲ. ಎಲ್ಲಿ ಗೋಡೆ ದುರ್ಬಲವೋ ಅಲ್ಲಿಗೆ ಹೋಗುತ್ತದೆ. ತುದಿಯಲ್ಲಿದ್ದ ಒಂದು ಹನಿ ಬಿಳಿ ಕೀವು ಹೊರಬಂದು ಕನ್ನಡಿಗೆ ಹಾರುತ್ತದೆ, ನಮಗೆ ಗೆದ್ದ ಸಮಾಧಾನ. ಅದೇ ಹೊತ್ತಿಗೆ ಕೆಳಗಿನ ಗೋಡೆ ಒಡೆದು, ಉಳಿದ ಎಣ್ಣೆ, ಸತ್ತ ಕೋಶ, ಬ್ಯಾಕ್ಟೀರಿಯಾ ಎಲ್ಲವೂ ಚರ್ಮದ ಒಳಪದರಕ್ಕೆ ಚೆಲ್ಲಿರುತ್ತದೆ. ಅಲ್ಲಿ ಇವು ಇರಬೇಕಾದವಲ್ಲ. ದೇಹ ಇವನ್ನು ಚುಚ್ಚಿಕೊಂಡ ಮುಳ್ಳಿನಂತೆ ನೋಡುತ್ತದೆ. ಬಿಳಿ ರಕ್ತಕಣಗಳು ಮುತ್ತಿಕೊಂಡು, ಚೆಲ್ಲಿದ್ದನ್ನು ಕರಗಿಸಲು ಕಿಣ್ವಗಳನ್ನು ಸುರಿಯುತ್ತವೆ. ಆ ಕಿಣ್ವಗಳು ಕಸವನ್ನು ಮಾತ್ರ ಆರಿಸಿ ತಿನ್ನುವುದಿಲ್ಲ. ಚರ್ಮವನ್ನು ಎತ್ತಿ ಹಿಡಿದಿರುವ ಕೊಲ್ಯಾಜನ್ ಎಳೆಗಳನ್ನೂ ತಿನ್ನುತ್ತವೆ. ಗಾಯ ಮಾಯುವಾಗ ಆ ಎಳೆಗಳು ಪೂರ್ತಿ ತುಂಬಿಕೊಳ್ಳದಿದ್ದರೆ ಅಲ್ಲಿ ಗುಳಿ ಉಳಿಯುತ್ತದೆ. ಗಲ್ಲದಂಚು, ಎದೆ, ಭುಜಗಳಲ್ಲಿ ಕೆಲವರಿಗೆ ಎಳೆಗಳು ಅತಿಯಾಗಿ ಬೆಳೆದು ಉಬ್ಬಿದ ಗಂಟೂ ಆಗುವುದುಂಟು.

ಗೋಡೆ ಒಳಗೆ ಒಡೆದಿದೆ ಎಂದು ಹೇಗೆ ತಿಳಿಯುವುದು? ಬಿಳಿಯದ್ದು ಮುಗಿದ ಮೇಲೆ ನೀರಿನಂಥ ದ್ರವವೋ ರಕ್ತವೋ ಬಂದರೆ ಒಳಗಿನ ಚರ್ಮಕ್ಕೆ ಪೆಟ್ಟಾಗಿದೆ ಎಂದರ್ಥ. ಮರುದಿನ ಬೆಳಿಗ್ಗೆ ಅದೇ ಜಾಗ ನಿನ್ನೆಗಿಂತ ದಪ್ಪವಾಗಿ, ಗಟ್ಟಿಯಾಗಿ, ಮುಟ್ಟಿದರೆ ನೋಯುವಂತಿದ್ದರೆ ಸಂಶಯವೇ ಬೇಡ. ವಾರದೊಳಗೆ ಆರಿ ಹೋಗಬಹುದಾಗಿದ್ದ ಮೊಡವೆ ಈಗ ಎರಡು ಮೂರು ವಾರದ ಗಂಟಾಗಿದೆ.

ಕಪ್ಪು ಕಲೆಯ ಲೆಕ್ಕ ಬೇರೆ. ನಮ್ಮಂಥ ಕಂದು ಚರ್ಮದಲ್ಲಿ ಬಣ್ಣ ಮಾಡುವ ಕೋಶಗಳು ಸಣ್ಣ ಉರಿಗೂ ಕೆರಳಿ ಹೆಚ್ಚು ಬಣ್ಣ ಸುರಿಯುತ್ತವೆ. ಬಣ್ಣ ಮೇಲ್ಪದರದಲ್ಲೇ ಉಳಿದರೆ ಕಲೆ ಕಂದಾಗಿ ಕಾಣುತ್ತದೆ, ಕೆಲವು ತಿಂಗಳಲ್ಲಿ ಮಾಸುತ್ತದೆ. ಒತ್ತಿ ಗೀರಿ ಬಣ್ಣ ಒಳಪದರಕ್ಕೆ ಇಳಿದರೆ ಬೂದು ನೀಲಿಯ ಛಾಯೆ ಬರುತ್ತದೆ, ಅದು ವರ್ಷಗಳೇ ಉಳಿಯಬಹುದು.

ಒಂದು ಅಡ್ಡಮಾತು. ಮೂಗಿನ ಮೇಲೆ ಸಾಲಾಗಿ ಕಾಣುವ ಬೂದು ಚುಕ್ಕೆಗಳನ್ನು ಹಿಸುಕುವವರಿಗೆ ನಾನು ಹೇಳುವುದು ಇಷ್ಟೇ: ಅವು ಮೊಡವೆಯಲ್ಲ, ಬಹುಪಾಲು ಬ್ಲ್ಯಾಕ್‌ಹೆಡ್ ಕೂಡ ಅಲ್ಲ. ಎಣ್ಣೆ ಹೊರಬರುವ ಸಹಜ ದಾರಿ. ಖಾಲಿ ಮಾಡಿದರೆ ಕೆಲವು ವಾರದೊಳಗೆ ಮತ್ತೆ ತುಂಬುತ್ತವೆ, ನಿಮ್ಮ ಕೈಗೆ ಮಾತ್ರ ಬಿಡುವಿಲ್ಲದ ಉದ್ಯೋಗ.

## ಹಂತ 2: ಒಂದು ವಾರ ಬರೆಯಿರಿ, ತಡೆಯಬೇಡಿ

ಈ ವಾರ ನಿಲ್ಲಿಸಲು ಯತ್ನಿಸಬೇಡಿ. ಕೈ ಮುಖಕ್ಕೆ ಹೋದದ್ದು ಗೊತ್ತಾದ ಪ್ರತಿ ಸಲ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಗಂಟೆ, ಎಲ್ಲಿ, ಏನು ಮಾಡುತ್ತಿದ್ದಿರಿ, ಯಾವ ಕೈ. ಮುಗಿದ ಮೇಲೆ ನೆನಪಾದರೂ ಬರೆಯಿರಿ.

ಅಕ್ಕನ ಮಗಳ ಪುಸ್ತಕದಲ್ಲಿ ಏಳು ದಿನಕ್ಕೆ 23 ಸಲ ದಾಖಲಾಗಿತ್ತು. ಅದರಲ್ಲಿ 12 ಹಾಸ್ಟೆಲಿನ ಬಾತ್‌ರೂಮಿನ ಕನ್ನಡಿಯ ಮುಂದೆ, ರಾತ್ರಿ ಹತ್ತರಿಂದ ಹನ್ನೊಂದರ ನಡುವೆ, ಹಲ್ಲುಜ್ಜಿದ ಮೇಲೆ. ಎಂಟು ಸಲ ಮೇಜಿನ ಮುಂದೆ ಓದುವಾಗ, ಎಡಗೈ, ಎಡ ಗಲ್ಲ. ಉಳಿದ ಮೂರು ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಯ ಸೀಟಿನಲ್ಲಿ, ಪಡುಬಿದ್ರಿ ದಾಟಿ ಮೂಲ್ಕಿ ಬರುವುದರೊಳಗೆ. ತಾನು ದಿನವಿಡೀ ಮುಖ ಕೆರೆಯುತ್ತೇನೆ ಎಂದು ಅವಳು ನಂಬಿದ್ದಳು. ಪುಸ್ತಕ ಹೇಳಿದ್ದು ಮೂರೇ ಜಾಗ.

ಈ ಪಟ್ಟಿಯಲ್ಲಿ ಎರಡು ಬಗೆ ಇರುವುದನ್ನು ಗಮನಿಸಿ. ಕನ್ನಡಿಯ ಮುಂದಿನದ್ದು ಗೊತ್ತಿದ್ದೇ ಮಾಡುವುದು: ಕಣ್ಣು ಹುಡುಕುತ್ತದೆ, "ಇದೊಂದೇ" ಎನ್ನುತ್ತದೆ. ಮೇಜು ಮತ್ತು ಬಸ್ಸಿನದ್ದು ಗೊತ್ತಿಲ್ಲದೆ ಆಗುವುದು: ಬೆರಳ ತುದಿ ಚರ್ಮದ ಮೇಲೆ ಓಡಾಡಿ ಉಬ್ಬನ್ನು ಹುಡುಕುತ್ತದೆ, ಸಿಕ್ಕೊಡನೆ ಉಗುರು ಕೆಲಸ ಆರಂಭಿಸುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹೆಚ್ಚಿನವರು ಸೋಲುವುದು ಇಲ್ಲಿಯೇ.

ಎರಡರಲ್ಲೂ ಒಂದು ಸಾಮ್ಯವಿದೆ. ಚಟ ಶುರುವಾಗುವುದು ಹಿಸುಕುವುದರಿಂದಲ್ಲ, ಹುಡುಕುವುದರಿಂದ. ಸವರುವ ಬೆರಳನ್ನೇ ಹಿಡಿಯಬೇಕು. ಉಗುರು ಕೂತ ಮೇಲೆ ತಡವಾಯಿತು. ಆದ್ದರಿಂದ ವಾರದ ಕೊನೆಯ ಎರಡು ದಿನ ಹಿಸುಕಿದ್ದನ್ನಷ್ಟೇ ಅಲ್ಲ, ಬರಿದೇ ಸವರಿದ್ದನ್ನೂ ಬರೆಯಿರಿ. ಸಂಖ್ಯೆ ಏರುತ್ತದೆ. ಅದು ಕೆಟ್ಟ ಲಕ್ಷಣವಲ್ಲ, ಮೊದಲು ಕಾಣದಿದ್ದದ್ದು ಈಗ ಕಾಣುತ್ತಿದೆ.

## ಹಂತ 3: ಜಾಗವನ್ನು ಬದಲಿಸಿ

ಕನ್ನಡಿಯಿಂದ ಆರಂಭಿಸಿ. ಕನ್ನಡಿಗೂ ಮುಖಕ್ಕೂ ನಡುವೆ ಒಂದು ತೋಳಿನಷ್ಟು ದೂರ ಇರಬೇಕು. ಆ ದೂರದಿಂದ ಕಾಣದ ಮೊಡವೆ ಎದುರು ನಿಂತವರಿಗೂ ಕಾಣುವುದಿಲ್ಲ. ತಲೆಯ ಮೇಲಿನ ಬಿಳಿ ಟ್ಯೂಬ್‌ಲೈಟ್ ಪ್ರತಿ ಉಬ್ಬಿಗೂ ನೆರಳು ಕೊಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಮನೆಯಲ್ಲಾದರೆ ಮಂದ ಹಳದಿ ಬಲ್ಬ್ ಹಾಕಿ. ಹಾಸ್ಟೆಲಿನಲ್ಲಿ ಬಲ್ಬ್ ಬದಲಿಸುವಂತಿಲ್ಲ. ಹಾಗಾಗಿ ನಮ್ಮ ಹುಡುಗಿ ಹಲ್ಲುಜ್ಜುವುದನ್ನು ಬಟ್ಟೆ ಒಗೆಯುವ ಕಡೆಯ ನಲ್ಲಿಗೆ ಬದಲಿಸಿದಳು. ಅಲ್ಲಿ ಕನ್ನಡಿಯೇ ಇಲ್ಲ. ಮುಖ ತೊಳೆಯುವುದನ್ನು ರಾತ್ರಿ ಹತ್ತಕ್ಕಲ್ಲ, ಸಂಜೆ ಏಳಕ್ಕೆ, ಗೆಳತಿಯರು ಓಡಾಡುವ ಹೊತ್ತಿಗೆ ತಂದಳು. ಹನ್ನೆರಡರಲ್ಲಿ ಒಂಬತ್ತು ಈ ಒಂದು ಬದಲಾವಣೆಯಿಂದಲೇ ತಪ್ಪಿತು. ಇದರಲ್ಲಿ ಮನೋಬಲದ ಪಾತ್ರ ಏನೂ ಇಲ್ಲ. ಫೋನಿನ ಸೆಲ್ಫಿ ಕ್ಯಾಮೆರಾ ಕೂಡ ಕನ್ನಡಿಯೇ, ಮರೆಯಬೇಡಿ.

ಮೇಜು ಮತ್ತು ಬಸ್ಸಿಗೆ ಬೇರೆ ಉಪಾಯ. ಯಾವ ಕೈ ಎಂದು ಪುಸ್ತಕ ಹೇಳಿದೆಯಲ್ಲ, ಆ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿ. ಪಟ್ಟಿ ಸುತ್ತಿದ ಬೆರಳಿಗೆ ಉಬ್ಬು ತಿಳಿಯುವುದಿಲ್ಲ, ಹುಡುಕಾಟ ಅಲ್ಲಿಗೇ ಸಪ್ಪೆಯಾಗುತ್ತದೆ. ಕೆನ್ನೆಗೆ ತಾಗಿದ ಒರಟು ಬಟ್ಟೆ "ಕೈ ಮೇಲೆ ಬಂದಿದೆ" ಎಂದು ತಿಳಿಸಿಯೂ ಬಿಡುತ್ತದೆ. ನಮ್ಮ ಸೆಕೆಗೆ ಬೆವರಿ ಪಟ್ಟಿ ಜಾರುತ್ತದೆ, ಆದ್ದರಿಂದ ಓದುವ ಹೊತ್ತಿಗೆ ಮಾತ್ರ ಸುತ್ತಿಕೊಳ್ಳಿ.

ಉಗುರನ್ನು ಮೂರು ನಾಲ್ಕು ದಿನಕ್ಕೊಮ್ಮೆ ಚರ್ಮದ ಅಂಚಿನವರೆಗೆ ಕತ್ತರಿಸಿ. ಮಂಗಳವಾರ, ಶುಕ್ರವಾರ ಉಗುರು ತೆಗೆಯಬಾರದೆನ್ನುವ ಅಜ್ಜಿ ಮನೆಯಲ್ಲಿದ್ದರೆ ಬುಧವಾರ, ಭಾನುವಾರ ಇಟ್ಟುಕೊಳ್ಳಿ. ಜಗಳ ಏಕೆ?

## ಹಂತ 4: ಕೈಗೆ ಎದುರು ಕೆಲಸ ಕೊಡಿ

1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಅಜ್ರಿನ್ ಮತ್ತು ನನ್ ಉಗುರು ಕಚ್ಚುವಂಥ ಅಭ್ಯಾಸಗಳನ್ನು ಬಿಡಿಸಲು ಒಂದು ವಿಧಾನ ಪ್ರಕಟಿಸಿದರು. ಚರ್ಮ ಚಿವುಟುವ ಚಟಕ್ಕೂ ಚಿಕಿತ್ಸಕರು ಇಂದಿಗೂ ಅದನ್ನೇ ಬಳಸುತ್ತಾರೆ. ತಿರುಳು ಸರಳ: ಕೈ ಏಳುವ ಕ್ಷಣದಲ್ಲಿ, ಮುಖ ಮುಟ್ಟುವುದು ಸಾಧ್ಯವೇ ಆಗದಂಥ ಇನ್ನೊಂದು ಕೆಲಸವನ್ನು ಅದೇ ಕೈಯಿಂದ ಮಾಡುವುದು.

ಹೀಗೆ ಮಾಡಿ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ. ಮುಷ್ಟಿಯನ್ನು ತೊಡೆಯ ಮೇಲೆ ಅಥವಾ ಮೇಜಿನ ಕೆಳಗೆ ಇಟ್ಟು ಹಗುರವಾಗಿ ಒತ್ತಿ. ಕನಿಷ್ಠ ಒಂದು ನಿಮಿಷ ಹಿಡಿಯಿರಿ. ತುಡಿತ ಇಳಿಯದಿದ್ದರೆ ಇನ್ನೆರಡು ನಿಮಿಷ. ಮುಷ್ಟಿ ಇಡಬೇಕಾದದ್ದು ಬೆರಳು ಸವರಲು ಹೊರಟಾಗ, ಅಥವಾ ಮುಖದಲ್ಲಿ ಚುರುಚುರು ಎನಿಸಿದಾಗ. ಹಿಸುಕಿ ಮುಗಿಸಿದ ಮೇಲೆ ಶಿಕ್ಷೆಯಂತೆ ಮುಷ್ಟಿ ಕಟ್ಟಿದರೆ ಏನೂ ಪ್ರಯೋಜನವಿಲ್ಲ. ಈ ತಪ್ಪನ್ನು ನಮ್ಮ ಹುಡುಗಿ ಮೊದಲ ವಾರ ಪೂರ್ತಿ ಮಾಡಿದಳು.

ಕೌಶಲ ಬರುವುದು ಅಭ್ಯಾಸದಿಂದ. ದಿನಕ್ಕೆ ಎರಡು ಸಲ, ತುಡಿತ ಇಲ್ಲದಾಗಲೇ, ಕೈಯನ್ನು ನಿಧಾನವಾಗಿ ಮುಖದ ಕಡೆಗೆ ಒಯ್ಯಿರಿ, ಅರ್ಧ ದಾರಿಯಲ್ಲಿ ನಿಲ್ಲಿಸಿ, ಮುಷ್ಟಿ ಮಾಡಿ ಕೆಳಗಿಳಿಸಿ. ಹತ್ತು ಸಲ. ನೋಡಿದವರಿಗೆ ನಗು ಬರಬಹುದು, ಬಾಗಿಲು ಹಾಕಿಕೊಂಡು ಮಾಡಿ.

ಮನೆಯಲ್ಲಿ ಸುಮ್ಮನೆ ಕುಳಿತ ಹೊತ್ತಿಗೆ ಎರಡೂ ಕೈ ಬೇಡುವ ಕೆಲಸ ಇನ್ನೂ ಒಳ್ಳೆಯದು. ರಜೆಗೆ ಬಂದಾಗ ನಮ್ಮ ಹುಡುಗಿಗೆ ಅಜ್ಜಿ ಮಲ್ಲಿಗೆ ಮೊಗ್ಗಿನ ತಟ್ಟೆ, ಬಾಳೆ ನಾರು ಕೊಟ್ಟು ಕೂರಿಸಿದರು. ಮೊಗ್ಗು ಒಂದೊಂದಾಗಿ ಎತ್ತಿ ನಾರಿನಲ್ಲಿ ಬಿಗಿಯುವಾಗ ಬೆರಳ ತುದಿಗೆ ಬೇಕಾದ ಸಣ್ಣ ಕೆಲಸ ಅಲ್ಲೇ ಸಿಗುತ್ತದೆ. ಅವಳು ಕಟ್ಟಿದ ಮಾಲೆ ಬಹಳ ಸಡಿಲ, ಮುಡಿಯುವಷ್ಟರಲ್ಲಿ ಅರ್ಧ ಉದುರಿತ್ತು. ಆದರೆ ಆ ಮೂರು ದಿನ ಪುಸ್ತಕದಲ್ಲಿ ಒಂದೂ ಗುರುತಿಲ್ಲ.

ಮನೆಯವರಿಗೊಂದು ಮಾತು. "ಮತ್ತೆ ಕೆರೆದೆಯಾ!" ಎನ್ನಬೇಡಿ. ನಾಚಿಕೆಯಾದವರು ಬಾತ್‌ರೂಮಿನ ಚಿಲಕ ಹಾಕಿಕೊಳ್ಳುತ್ತಾರೆ, ಅಲ್ಲಿ ಕನ್ನಡಿಯಿದೆ. ಮೊದಲೇ ಮಾತಾಡಿಕೊಂಡ ಒಂದು ಸನ್ನೆ ಸಾಕು. ನಮ್ಮ ಅಕ್ಕ ತನ್ನ ಬಳೆಯನ್ನು ಎರಡು ಸಲ ಸದ್ದು ಮಾಡುತ್ತಿದ್ದಳು.

## ಹಂತ 5: ಈಗ ಮೊಡವೆಯ ಕಡೆಗೆ ಬನ್ನಿ

ಬಾಯಿ ಒಡೆದ, ಅಥವಾ ಬಿಳಿ ತುದಿ ಮೇಲೆಯೇ ಕಾಣುವ ಮೊಡವೆಗೆ ಹೈಡ್ರೋಕೊಲಾಯ್ಡ್ ಪ್ಯಾಚ್ ಹಚ್ಚಿ. ಅದು ಒಸರುವ ದ್ರವವನ್ನು ಹೀರುತ್ತದೆ. ಅದಕ್ಕಿಂತ ಮುಖ್ಯವಾಗಿ ಬೆರಳಿಗೂ ಮೊಡವೆಗೂ ನಡುವೆ ಬಾಗಿಲಾಗುತ್ತದೆ. "ನಮ್ಮಲ್ಲಿ ಅಂಟುವುದೇ ಇಲ್ಲ" ಎಂಬ ದೂರು ಅಂಗಡಿಯಲ್ಲಿ ದಿನಾ ಕೇಳುತ್ತೇನೆ. ಕಾರಣ ಬೆವರು, ಇಲ್ಲವೇ ಮೊದಲೇ ಹಚ್ಚಿದ ಕ್ರೀಮ್. ಮುಖ ತೊಳೆದು ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಐದು ನಿಮಿಷ ಕುಳಿತು, ಬರಿ ಚರ್ಮದ ಮೇಲೆ ಪ್ಯಾಚ್ ಇಟ್ಟು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಕ್ರೀಮ್ ಇದ್ದರೆ ಆಮೇಲೆ, ಪ್ಯಾಚ್ ಬಿಟ್ಟು ಉಳಿದ ಕಡೆ.

ಬಾಯೇ ಇಲ್ಲದ, ಆಳದಲ್ಲಿ ನೋಯುವ ಗಂಟಿಗೆ ಪ್ಯಾಚ್ ಏನೂ ಮಾಡದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆಲವು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಹಿಸುಕಲು ಅತ್ಯಂತ ಅಪಾಯದ್ದು ಇದೇ, ಏಕೆಂದರೆ ಮೇಲೆ ದಾರಿಯೇ ಇಲ್ಲ. ದೊಡ್ಡದಾದರೆ ಚರ್ಮವೈದ್ಯರು ಒಳಗೇ ಒಂದು ಸಣ್ಣ ಇಂಜೆಕ್ಷನ್ ಕೊಟ್ಟು ಇಳಿಸುತ್ತಾರೆ.

ಹೊಸ ಮೊಡವೆ ಕಡಿಮೆಯಾದರೆ ಬೆರಳಿಗೆ ಹುಡುಕಲು ಸಿಗುವುದೂ ಕಡಿಮೆ. ಅದಕ್ಕೆ ಬೆಂಜಾಯಿಲ್ ಪೆರಾಕ್ಸೈಡ್ 2.5 ಶೇಕಡ ಜೆಲ್ ಒಳ್ಳೆಯ ಆರಂಭ: ಮೊದಲು ಒಂದು ದಿನ ಬಿಟ್ಟು ಒಂದು ದಿನ, ರಾತ್ರಿ, ತೆಳ್ಳಗೆ, ಒಂದು ಮೊಡವೆಗಲ್ಲ, ಮೊಡವೆ ಏಳುವ ಇಡೀ ಜಾಗಕ್ಕೆ. ಬಣ್ಣದ ತಲೆದಿಂಬಿನ ಚೀಲ ಬಿಳಿಚುತ್ತದೆ, ಹಳೆಯದನ್ನು ಹಾಕಿ. ಅಡಾಪಲೀನ್ ಇನ್ನೊಂದು, ಅದನ್ನು ವೈದ್ಯರನ್ನು ಕೇಳಿಯೇ ಆರಂಭಿಸಿ, ಗರ್ಭಿಣಿಯರಿಗೆ ಬೇಡ. ಯಾವುದಾದರೂ ಎಂಟರಿಂದ ಹನ್ನೆರಡು ವಾರ ಬೇಕು. ಹತ್ತು ದಿನಕ್ಕೆ ಬಿಟ್ಟವರೇ ನನ್ನ ಅಂಗಡಿಗೆ "ಇದು ನಾಟಲಿಲ್ಲ" ಎಂದು ಬರುವವರು.

ತಲೆಗೆ ತೆಂಗಿನೆಣ್ಣೆ ಹಚ್ಚಿ ಹಾಗೆಯೇ ಮಲಗುವ ಪದ್ಧತಿ ನಮ್ಮ ಕರಾವಳಿಯಲ್ಲಿದೆ. ಹಣೆಯ ಅಂಚಿನಲ್ಲೇ ಮೊಡವೆ ಸಾಲುಗಟ್ಟಿದರೆ ಆ ಎಣ್ಣೆಯನ್ನು ಮೊದಲು ಸಂಶಯಿಸಿ. ಹಚ್ಚಿದ ದಿನವೇ ತಲೆ ತೊಳೆಯಿರಿ. ಹಣೆ, ಎದೆ, ಬೆನ್ನಿನಲ್ಲಿ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳಾದರೆ ಅದು ಬೆವರಿನ ನಾಡಿನ ಶಿಲೀಂಧ್ರದ ತೊಂದರೆ ಇರಬಹುದು. ಅದರ ಮದ್ದೇ ಬೇರೆ.

ಇನ್ನೊಂದು ಎಚ್ಚರಿಕೆಯನ್ನು ಅಂಗಡಿಯವಳಾಗಿಯೇ ಹೇಳುತ್ತೇನೆ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೊದಲ ವಾರ ಮುಖ ಕನ್ನಡಿಯಂತಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟೊಡನೆ ಮೊದಲಿಗಿಂತ ಹೆಚ್ಚು ಮೊಡವೆ ಏಳುತ್ತದೆ. ಪಕ್ಕದ ಮನೆಯವರು ಕೊಟ್ಟರೂ ಹಚ್ಚಬೇಡಿ.

## ಹಂತ 6: ಹಿಸುಕಿಯಾಗಿದೆ, ಈಗೇನು

ಕೈ ತೊಳೆಯಿರಿ. ಶುಭ್ರ ಬಟ್ಟೆಯಿಂದ ರಕ್ತ ನಿಲ್ಲುವವರೆಗೆ ಒತ್ತಿ ಹಿಡಿಯಿರಿ. ನೀರಿನಿಂದ ಮೆಲ್ಲಗೆ ತೊಳೆದು, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಅಥವಾ ಪ್ಯಾಚ್ ಇಡಿ. "ಇನ್ನೂ ಸ್ವಲ್ಪ ಉಳಿದಿದೆ" ಎಂದು ಎರಡನೆಯ ಸಲ ಒತ್ತುವುದೇ ಹೆಚ್ಚಿನ ಹಾನಿ ಮಾಡುತ್ತದೆ.

ಟೂತ್‌ಪೇಸ್ಟ್, ಸ್ಪಿರಿಟ್, ಲಿಂಬೆರಸ ಹಚ್ಚಬೇಡಿ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಹೊಸ ಕಲೆ ಬೀಳುವುದುಂಟು. ಬೆಂಜಾಯಿಲ್ ಪೆರಾಕ್ಸೈಡನ್ನು ತೆರೆದ ಗಾಯದ ಮೇಲೆ ಹಾಕಬೇಡಿ. ಗಾಯ ತೇವವಾಗಿದ್ದರೆ ಗಟ್ಟಿ ಹಕ್ಕಳೆ ಕಟ್ಟುವುದಿಲ್ಲ, ಕಟ್ಟದಿದ್ದರೆ ಕೀಳುವ ಆಸೆಯೂ ಹುಟ್ಟುವುದಿಲ್ಲ. ಜೆಲ್ಲಿಯ ನಿಜವಾದ ಉಪಯೋಗ ಅದು. ಚರ್ಮ ಮುಚ್ಚಿದ ಮೇಲೆ ಹಗಲಲ್ಲಿ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಮಳೆಗಾಲದಲ್ಲೂ. ಕಲೆ ಮಾಸಲು ಬಿಸಿಲು ಬಿಡುವುದಿಲ್ಲ. ಗುಳಿಯನ್ನು ಮಾತ್ರ ಯಾವ ಕ್ರೀಮೂ ತುಂಬಿಸದು.

ಆಮೇಲೆ ಪುಸ್ತಕ ತೆರೆದು ಗಂಟೆ, ಜಾಗ ಬರೆಯಿರಿ. ನಮ್ಮ ಹುಡುಗಿಯ ಎಣಿಕೆ ನಾಲ್ಕನೆಯ ವಾರ 23ರಿಂದ ಐದಕ್ಕೆ ಇಳಿದಿತ್ತು, ಐದನೆಯ ವಾರ ಪರೀಕ್ಷೆ ಬಂದು ಹದಿನಾಲ್ಕಕ್ಕೆ ಏರಿತು. ನೋಡಿದರೆ ಎಲ್ಲವೂ ಮೇಜಿನ ಮುಂದಿನವು. ಬ್ಯಾಂಡೇಜ್ ಪಟ್ಟಿ ಮುಗಿದು ಹೋಗಿತ್ತು, ತರಲು ಸಮಯವಿರಲಿಲ್ಲ. ಹೊಸ ಪೊಟ್ಟಣ ಬಂದ ಮೇಲೆ ಎಂಟನೆಯ ವಾರ ನಾಲ್ಕು.

## ಹಂತ 7: ಯಾವಾಗ ವೈದ್ಯರ ಬಳಿ ಹೋಗಬೇಕು

ತಡಮಾಡದೆ ಹೋಗಬೇಕಾದದ್ದು: ಹಿಸುಕಿದ ಜಾಗದ ಕೆಂಪು ಗಂಟೆಗಂಟೆಗೂ ಹರಡುತ್ತಿದ್ದರೆ, ಬಿಸಿಯಾಗಿ ಜ್ವರ ಬಂದರೆ. ಹುಬ್ಬುಗಳ ನಡುವಿನ ಮೂಗಿನ ಬುಡದಿಂದ ತುಟಿಯ ಎರಡು ಮೂಲೆಗಳವರೆಗಿನ ತ್ರಿಕೋನದಲ್ಲಿ ಇನ್ನಷ್ಟು ಎಚ್ಚರ. ಅಲ್ಲಿನ ರಕ್ತನಾಳಗಳಿಗೆ ಮೆದುಳಿನ ಬುಡದ ನಾಳಗಳ ಜೊತೆ ಸಂಪರ್ಕವಿದೆ. ಸೋಂಕು ಅಲ್ಲಿಗೆ ಏರುವುದು ಬಹಳ ಅಪರೂಪ. ಆದರೆ ಕಣ್ಣಿನ ಸುತ್ತ ಊತ, ಜೋರು ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು ಆರಂಭವಾದರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ.

ಇನ್ನೊಂದು ಬಗೆ ಇದೆ. ಮೊಡವೆ ಇಲ್ಲದಾಗಲೂ ನುಣುಪು ಚರ್ಮವನ್ನೇ ಚಿವುಟುವುದು, ಗಂಟೆಗಟ್ಟಲೆ ಕಳೆಯುವುದು, ಮುಖ ತೋರಿಸಲಾಗದೆ ತರಗತಿಗೆ, ಮದುವೆಗೆ ಹೋಗದಿರುವುದು, ಎಷ್ಟು ಯತ್ನಿಸಿದರೂ ನಿಲ್ಲದಿರುವುದು. ಇದನ್ನು 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯೆಂದೇ ಗುರುತಿಸಲಾಗಿದೆ. ಮೇಲೆ ಹೇಳಿದ ಮುಷ್ಟಿಯ ವಿಧಾನವನ್ನೇ ತರಬೇತಾದ ಮನಃಶಾಸ್ತ್ರಜ್ಞರು ವಾರ ವಾರ ಕೂತು ಮಾಡಿಸುತ್ತಾರೆ, ಕೆಲವರಿಗೆ ಔಷಧವೂ ಬೇಕಾಗುತ್ತದೆ. ಎಲ್ಲಿಂದ ಆರಂಭಿಸುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಚರ್ಮವೈದ್ಯರಲ್ಲಿಗೆ ಹೋಗುವ ದಿನ ಮುಖಕ್ಕೆ ಪೌಡರ್ ಹಾಕಬೇಡಿ, "ನಾನೇ ಚಿವುಟುತ್ತೇನೆ" ಎಂದು ಮೊದಲ ಮಾತಿನಲ್ಲೇ ಹೇಳಿ, ಪುಸ್ತಕ ತೋರಿಸಿ. ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಒಯ್ಯಿರಿ. "ಬಿಳಿ ಬಣ್ಣದ್ದು, ಹಸಿರು ಮುಚ್ಚಳದ್ದು" ಎಂದರೆ ಯಾವ ಕ್ರೀಮ್ ಎಂದು ಅವರಿಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ.